ಮರಾಠಿ ಫಾಂಟಿಗೆ ಕನ್ನಡ ಅಕ್ಷರ ಸೇರಿಸುವ ಮುನ್ನ: ಡಿಸೈನರ್‌ಗೆ ಬರೆಯಬೇಕಾದ ಪತ್ರ

ಮುಂಬೈ, ಪುಣೆಯ ಕನ್ನಡ ಸಂಘಗಳ ಆಮಂತ್ರಣ ಪತ್ರಿಕೆಗಳಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಮರಾಠಿ ಭಾಗ ಒಳ್ಳೇ ದುಂಡನೆಯ, ದಪ್ಪನೆಯ ಫಾಂಟಿನಲ್ಲಿ ಇರುತ್ತದೆ. ಪಕ್ಕದ ಕನ್ನಡ ಮಾತ್ರ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ಸಣಕಲು ಫಾಂಟಿನಲ್ಲಿ. ಸಂಘದಲ್ಲಿ ಡಿಸೈನ್ ಗೊತ್ತಿರುವ ಒಬ್ಬರಿಗಾದರೂ ಇದು ಕಿರಿಕಿರಿ ಮಾಡುತ್ತದೆ. ಈ ಮರಾಠಿ ಫಾಂಟಿಗೆ ಕನ್ನಡ ಅಕ್ಷರಗಳನ್ನೂ ನಾವೇ ಬರೆದು ಸೇರಿಸಿದರೆ ಹೇಗೆ ಅನ್ನಿಸುತ್ತದೆ. ಫಾಂಟ್‌ಫೋರ್ಜ್ ಅನ್ನುವ ಫಾಂಟ್ ಬರೆಯುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕೈಯಲ್ಲಿ ಅಷ್ಟಿಷ್ಟು ಕಲೆ ಇದೆ, ಶನಿವಾರ ಭಾನುವಾರ ಬಿಡುವಿದೆ.

ಮಾಡಬಹುದು. ಆದರೆ ಫಾಂಟ್ ಬರೆದವರ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೇಳುವ ಪತ್ರವನ್ನು ಹೇಗೆ ಬರೆಯುವುದು ಅನ್ನುವುದಷ್ಟೇ ಈ ಲೇಖನ. ಡೊಂಬಿವಲಿಯ ಗೆಳೆಯರೊಬ್ಬರು ಪುಣೆಯ ಡಿಸೈನರ್ ಒಬ್ಬರಿಗೆ ಬರೆದ ಪತ್ರವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಪತ್ರಕ್ಕೂ ಮೊದಲು: ಕೇಳಬೇಕಾದದ್ದು ಇದೆಯೇ?

ಮೊದಲು ನೋಡಬೇಕಾದ್ದು, ನಿಮಗೆ ಬೇಕಾದದ್ದು ಆಗಲೇ ಇದೆಯಾ ಅಂತ. ಮುಂಬೈಯ ಫಾಂಟ್ ಸಂಸ್ಥೆ ಏಕ್ ಟೈಪ್‌ನವರ ಬಾಲೂ, ಅನೇಕ್ ಫಾಂಟುಗಳೆರಡರಲ್ಲೂ ದೇವನಾಗರಿ ಇದೆ, ಅದಕ್ಕೆ ಜೋಡಿಯಾದ ಕನ್ನಡವೂ ಇದೆ. ಎರಡೂ ಮುಕ್ತ ಲೈಸೆನ್ಸಿನವು. ಅಂಥದ್ದು ನಿಮ್ಮ ಕೆಲಸಕ್ಕೆ ಹೊಂದಿದರೆ ಸುಮ್ನೆ ಅದನ್ನೇ ಬಳಸಿ, ವರ್ಷಗಟ್ಟಲೆ ಶ್ರಮ ಉಳಿಯುತ್ತದೆ.

ಹೊಂದುವುದಿಲ್ಲ ಅಂದರೆ ಫಾಂಟಿನ ಲೈಸೆನ್ಸ್ ಓದಿ. ಇಳಿಸಿಕೊಂಡ ಜಾಗದಲ್ಲಿ ಬರೆದಿರುವುದನ್ನು ನಂಬಬೇಡಿ. ಫಾಂಟಿನ ಫೈಲಿನೊಳಗೇ ಒಂದು ಹೆಸರಿನ ಪಟ್ಟಿ ಇರುತ್ತದೆ. ಫಾಂಟ್‌ಟೂಲ್ಸ್ ಅನ್ನುವ ತಂತ್ರಾಂಶ ಹಾಕಿಕೊಂಡಿದ್ದರೆ ಆ ಪಟ್ಟಿಯನ್ನು ಕಮಾಂಡ್ ವಿಂಡೋದಲ್ಲಿ ಹೀಗೆ ತೆಗೆಯಬಹುದು:

```
ttx -t name -o hesaru.ttx Font.ttf
```

ಹೊಸ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅದರಲ್ಲಿ nameID 0 ಅಂದರೆ ಹಕ್ಕು ಯಾರದ್ದು, 9 ಅಂದರೆ ಡಿಸೈನರ್ ಯಾರು, 13 ಅಂದರೆ ಲೈಸೆನ್ಸ್ ಏನು. 0 ಮತ್ತು 9ರಲ್ಲಿ ಬೇರೆ ಬೇರೆ ಹೆಸರಿದ್ದರೆ ಅಲ್ಲೇ ನಿಲ್ಲಿ. ಡಿಸೈನರ್ ಅದನ್ನು ಯಾವುದೋ ಕಂಪನಿಗೆ ಬರೆದುಕೊಟ್ಟಿದ್ದಾರೆ, ಹಕ್ಕು ಆ ಕಂಪನಿಯದ್ದು ಅಂತ ಇರಬಹುದು. ಆಗ ಡಿಸೈನರ್ ಎಷ್ಟೇ ಒಳ್ಳೆಯವರಾದರೂ ಅವರ ಒಪ್ಪಿಗೆಯೊಂದೇ ಸಾಲದು.

ಲೈಸೆನ್ಸ್ ಜಾಗದಲ್ಲಿ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1 ಅಂತ ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಆ ಲೈಸೆನ್ಸಿನಲ್ಲಿ ಫಾಂಟನ್ನು ಬದಲಾಯಿಸುವ ಹಕ್ಕು ಎಲ್ಲರಿಗೂ ಇದೆ. ಕೇಳಬೇಕಾದದ್ದು ಹೆಸರಿನ ಬಗ್ಗೆ ಮಾತ್ರ. ಹಕ್ಕಿನ ಸಾಲಿನಲ್ಲಿ Reserved Font Name ಅಂತ ಒಂದು ಹೆಸರು ಕಾಯ್ದಿರಿಸಿದ್ದರೆ, ಬದಲಾಯಿಸಿದ ಫಾಂಟಿಗೆ ಅದೇ ಹೆಸರಿಡಲು ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಇಲ್ಲವೇ ಬೇರೆ ಹೆಸರಿಟ್ಟುಕೊಳ್ಳಿ. ಹೀಗೆ ಹುಟ್ಟಿದ ಫಾಂಟ್ ಕೂಡ ಅದೇ ಲೈಸೆನ್ಸಿನಲ್ಲೇ ಹೊರಬರಬೇಕು ಅನ್ನುವುದೂ ನೆನಪಿರಲಿ.

ಗೆಳೆಯರ ಫಾಂಟ್ ಹಾಗಿರಲಿಲ್ಲ. ದುಡ್ಡು ಕೊಟ್ಟು ಕೊಂಡದ್ದು. ಷರತ್ತುಗಳಲ್ಲಿ ಫಾಂಟನ್ನು ಬದಲಾಯಿಸುವಂತಿಲ್ಲ ಅಂತ ನೇರವಾಗಿ ಬರೆದಿತ್ತು. ಕೊಂಡ ಫಾಂಟುಗಳಲ್ಲಿ ಇದು ಸಾಮಾನ್ಯ. ಪತ್ರದ ಅಗತ್ಯ ನಿಜವಾಗಿ ಬರುವುದು ಇಲ್ಲಿಯೇ.

ಈ ಹಂತದಲ್ಲಿ ಯಾರಾದರೂ ನಿಮಗೆ ಒಂದು ಸಲಹೆ ಕೊಟ್ಟೇ ಕೊಡುತ್ತಾರೆ: ಫೈಲಿನಲ್ಲಿ fsType ಸೊನ್ನೆ ಇದೆ, ಹಾಗಾಗಿ ಏನು ಬೇಕಾದರೂ ಮಾಡಬಹುದು ಅಂತ. ತಪ್ಪು. ಆ ಸಂಖ್ಯೆ ಹೇಳುವುದು ಫಾಂಟನ್ನು ಪಿಡಿಎಫ್‌ನಂಥ ಕಡತದೊಳಗೆ ಅಡಕ ಮಾಡಬಹುದೇ ಅನ್ನುವುದನ್ನು ಮಾತ್ರ. ಬದಲಾಯಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. "ಫ್ರೀ ಫಾರ್ ಪರ್ಸನಲ್ ಯೂಸ್" ಅನ್ನುವುದೂ ಅಷ್ಟೇ. ಅದು ಬಳಸಲು ಕೊಟ್ಟ ಅನುಮತಿ, ಬಿಚ್ಚಿ ಹೊಲಿಯಲು ಕೊಟ್ಟದ್ದಲ್ಲ.

ಒಂದು ಪುಟದ ಮಾದರಿ

ಬರಿಗೈಯಲ್ಲಿ ಪತ್ರ ಕಳಿಸಬೇಡಿ. ಜೊತೆಗೆ ಒಂದೇ ಒಂದು ಪುಟದ ಪಿಡಿಎಫ್ ಇರಲಿ. ಡಿಸೈನರ್‌ಗಳಿಗೆ ಇರುವ ದೊಡ್ಡ ಹೆದರಿಕೆ, ತಮ್ಮ ಹೆಸರಿರುವ ಫಾಂಟಿನೊಳಗೆ ಕಳಪೆ ಅಕ್ಷರ ಬಂದು ಕೂರುತ್ತದೆ ಅನ್ನುವುದು. ಅದಕ್ಕೆ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ.

ಮಾದರಿಗಾಗಿ ಅವರ ಫೈಲನ್ನು ತೆರೆದು ಅದರೊಳಗೆ ಕೆತ್ತನೆ ಶುರು ಮಾಡಬೇಡಿ. ಅನುಮತಿ ಕೇಳುತ್ತಿರುವುದೇ ಅದಕ್ಕೆ, ಅಲ್ವಾ? ಕನ್ನಡ ಅಕ್ಷರಗಳನ್ನು ಹೊಸ ಖಾಲಿ ಫೈಲಿನಲ್ಲೋ ಇಂಕ್‌ಸ್ಕೇಪಿನಲ್ಲೋ ಬರೆಯಿರಿ. ಮರಾಠಿ ಸಾಲನ್ನು ಕೊಂಡ ಫಾಂಟಿನಲ್ಲಿ ಎಂದಿನಂತೆ ಟೈಪ್ ಮಾಡಿ, ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇಡಿ.

ಯಾವ ಪದ ಆರಿಸಬೇಕು? ಅ, ಆ, ಇ, ಈ ಅಂತ ವರ್ಣಮಾಲೆ ಸಾಲಾಗಿ ಬರೆದು ಕಳಿಸುವವರೇ ಜಾಸ್ತಿ. ಅದರಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಗೆಳೆಯರು ಆರಿಸಿದ್ದು "ಕಾರ್ಯಕ್ರಮ". ಆಮಂತ್ರಣ ಪತ್ರಿಕೆಯಲ್ಲಿ ಹೇಗೂ ಬರುವ ಪದ, ಮರಾಠಿಯಲ್ಲೂ ಇದೇ ಪದ. ಮರಾಠಿಯಲ್ಲಿ ಈ ಪದದ "ರ್ಯ"ದಲ್ಲಿ ರೇಫೆ ಶಿರೋರೇಖೆಯ ಮೇಲೆ ಕೊಕ್ಕೆಯಾಗಿ ಕೂರುತ್ತದೆ. ಕನ್ನಡದಲ್ಲಿ ಅದೇ ರಕಾರ ಅರ್ಕಾವತ್ತಾಗಿ ಅಕ್ಷರದ ಬಲಕ್ಕೆ ಹೋಗಿ ನಿಲ್ಲುತ್ತದೆ. "ಕ್ರ"ದಲ್ಲಿ ಮರಾಠಿಯ ರಕಾರ ಕಕಾರದ ಮೈಗೇ ಅಂಟಿದ ಒಂದು ಓರೆ ಗೆರೆ. ಕನ್ನಡದಲ್ಲಿ ಅದು ಕೆಳಗಿಳಿದು ಒತ್ತಾಗುತ್ತದೆ. ದೇವನಾಗರಿ ಬಲ್ಲ ಡಿಸೈನರ್‌ಗೆ ಕನ್ನಡ ಓದಲು ಬಾರದಿದ್ದರೂ ಈ ಒಂದು ಪದ ನೋಡಿದರೆ ಸಾಕು. ನೀವು ಜಾಗ ಹೇಗೆ ಹಂಚಿದ್ದೀರಿ, ಗೆರೆಯ ದಪ್ಪ ಹೊಂದಿದೆಯೇ, ತಲೆಕಟ್ಟು ಅವರ ಶಿರೋರೇಖೆಯ ಎತ್ತರಕ್ಕೆ ಎಲ್ಲಿ ನಿಲ್ಲುತ್ತದೆ, ಎಲ್ಲವೂ ಅವರ ಕಣ್ಣಿಗೆ ಬೀಳುತ್ತದೆ.

ಅದರ ಕೆಳಗೆ "ಸ್ತ್ರೀ" ಇರಲಿ. ಸಕಾರದ ಕೆಳಗೆ ತಒತ್ತು, ಅದರ ಜೊತೆಗೆ ರಒತ್ತು. ಕನ್ನಡಕ್ಕೆ ಕೆಳಗೆ ಎಷ್ಟು ಜಾಗ ಬೇಕು ಅನ್ನುವುದು ಇದರಲ್ಲೇ ಗೊತ್ತಾಗಿಬಿಡುತ್ತದೆ. ಇದು ಬರೀ ಅಂದದ ಮಾತಲ್ಲ, ಪತ್ರದಲ್ಲಿ ಹೇಳಲೇಬೇಕಾದ ವಿಷಯ.

ಯಾಕೆ ಅಂದರೆ, ಪ್ರತಿ ಫಾಂಟಿನಲ್ಲೂ ಮೇಲೆ ಇಷ್ಟು, ಕೆಳಗೆ ಇಷ್ಟು ಅಂತ ಎತ್ತರ ಗೊತ್ತು ಮಾಡಿರುತ್ತಾರೆ. ಒಂದು ಫಾಂಟಿನಲ್ಲಿ ಅಕ್ಷರದ ಚೌಕಟ್ಟು 1000 ಅಂಶ, ಮೇಲೆ 900, ಕೆಳಗೆ 300 ಇದೆ ಅಂತಿಟ್ಟುಕೊಳ್ಳಿ. 12 ಪಾಯಿಂಟಿನಲ್ಲಿ ಒಂದು ಸಾಲು 14.4 ಪಾಯಿಂಟ್ ಎತ್ತರ ತೆಗೆದುಕೊಳ್ಳುತ್ತದೆ. ಕನ್ನಡದ ಜೋಡಿ ಒತ್ತಿಗೆ ಕೆಳಗೆ 520 ಬೇಕಾಯಿತು ಅಂತ ನೀವು ಆ ಸಂಖ್ಯೆ ಬದಲಿಸಿದರೆ ಅದೇ ಸಾಲು ಸುಮಾರು 17 ಪಾಯಿಂಟ್ ಆಗುತ್ತದೆ. ಮೊದಲು 40 ಸಾಲು ಹಿಡಿಸುತ್ತಿದ್ದ ಪುಟದಲ್ಲಿ ಈಗ 33 ಸಾಲು. ಯಾರೋ ಹೊಸ ಫಾಂಟ್ ಹಾಕಿಕೊಂಡು ತಮ್ಮ ಹಳೆಯ ಮರಾಠಿ ಕಡತ ತೆರೆದರೆ, ಕನ್ನಡದ ಒಂದಕ್ಷರ ಇಲ್ಲದಿದ್ದರೂ ಪುಟಗಳು ಹಿಂದುಮುಂದಾಗಿರುತ್ತವೆ. ಬೈಗುಳ ಡಿಸೈನರ್‌ಗೆ ಹೋಗುತ್ತದೆ. ಸಂಖ್ಯೆ ಬದಲಿಸದೆ ಬಿಟ್ಟರೆ ಕೆಲವು ತಂತ್ರಾಂಶಗಳಲ್ಲಿ ಒತ್ತಿನ ಬುಡ ಕತ್ತರಿಸಿ ಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿಗೆ ತಾಗುತ್ತದೆ.

ನನ್ನ ಮಟ್ಟಿಗೆ ಇದಕ್ಕೆ ಸರಿಯಾದ ದಾರಿ ಒಂದೇ: ಮೂಲ ಫಾಂಟಿನೊಳಗೆ ಕನ್ನಡ ತುರುಕಬೇಡಿ, ಜೋಡಿಯಾಗಿ ಬೇರೆ ಫೈಲ್ ಮಾಡಿ. ಅದಕ್ಕೆ ಅದರದ್ದೇ ಎತ್ತರ ಇರಲಿ. ಹಾಗೆ ಮಾಡಿದರೂ ಅನುಮತಿ ಬೇಡ ಅಂತಲ್ಲ. ಕನ್ನಡ ಸಾಲಿನಲ್ಲೂ ಅಲ್ಪವಿರಾಮ, ಆವರಣ ಚಿಹ್ನೆ, 0ಯಿಂದ 9ರವರೆಗಿನ ಅಂಕಿ ಬೇಕಲ್ಲ? ಪಕ್ಕದ ಮರಾಠಿಗೆ ಹೊಂದಬೇಕಾದರೆ ಅವು ಅವರ ಫಾಂಟಿನವೇ ಆಗಬೇಕು. ಅಷ್ಟನ್ನು ನಕಲು ಮಾಡುವುದಕ್ಕೂ ಕೇಳಲೇಬೇಕು. ಹೆಸರಿಗೂ ಕೇಳಬೇಕು.

ಪತ್ರ

ಗೆಳೆಯರು ಮರಾಠಿಯಲ್ಲಿ ಬರೆದರು. ಪುಣೆಯವರಿಗೆ ಅದು ಸರಿ. ಬೇರೆ ಊರಿನವರಾದರೆ ಇಂಗ್ಲಿಷಿನಲ್ಲಿ ಬರೆಯಬಹುದು. ಕನ್ನಡದಲ್ಲಿ ಅದು ಹೀಗಿದೆ:

> ವಿಷಯ: ನಿಮ್ಮ ಫಾಂಟಿಗೆ ಜೋಡಿಯಾಗಿ ಕನ್ನಡ ಅಕ್ಷರ ಬರೆಯಲು ಅನುಮತಿ ಕೇಳಿ
>
> ನಮಸ್ಕಾರ ಮೇಡಂ,
>
> ನಾನು ಡೊಂಬಿವಲಿಯಲ್ಲಿರುವ ಕನ್ನಡಿಗ, ಬ್ಯಾಂಕ್ ಉದ್ಯೋಗಿ. ಇಲ್ಲಿನ ಕನ್ನಡ ಸಂಘದ ಆಮಂತ್ರಣ, ಬ್ಯಾನರ್, ಸ್ಮರಣ ಸಂಚಿಕೆಗಳನ್ನು ಬಿಡುವಿನಲ್ಲಿ ಮಾಡಿಕೊಡುತ್ತೇನೆ. ಅವು ಮರಾಠಿ, ಕನ್ನಡ ಎರಡರಲ್ಲೂ ಇರುತ್ತವೆ. ಮರಾಠಿಗೆ ನಿಮ್ಮ ಫಾಂಟ್ ಬಳಸುತ್ತೇವೆ. ಲೈಸೆನ್ಸ್ ಕೊಂಡ ರಸೀದಿ ಜೊತೆಗಿದೆ.
>
> ಈ ಫಾಂಟಿನ ಬೋಲ್ಡ್‌ಗೆ ಹೊಂದುವ ಕನ್ನಡ ಅಕ್ಷರಗಳನ್ನು ಬರೆಯಬೇಕೆಂದಿದ್ದೇನೆ. ಫಾಂಟನ್ನು ಬದಲಾಯಿಸುವಂತಿಲ್ಲ ಎಂದು ನಿಮ್ಮ ಷರತ್ತಿನಲ್ಲಿದೆ. ಆದ್ದರಿಂದ ಕೆಲಸ ಶುರು ಮಾಡುವ ಮೊದಲೇ ಕೇಳುತ್ತಿದ್ದೇನೆ.
>
> ನಾನು ಕೇಳುತ್ತಿರುವುದು ಮೂರು. ಒಂದು, ನಿಮ್ಮ ಅಕ್ಷರಗಳ ಶೈಲಿ ನೋಡಿ ಕನ್ನಡ ಬರೆದು ಬೇರೆ ಫೈಲ್ ಮಾಡಲು ಒಪ್ಪಿಗೆ. ಎರಡು, ನಿಮ್ಮ ಫಾಂಟಿನ ಅಂಕಿ ಮತ್ತು ವಿರಾಮ ಚಿಹ್ನೆಗಳನ್ನು ಆ ಫೈಲಿನಲ್ಲಿ ಬಳಸಲು ಒಪ್ಪಿಗೆ. ಮೂರು, ಅದಕ್ಕೆ ಯಾವ ಹೆಸರಿಡಬಹುದು ಎಂದು ನೀವೇ ಹೇಳಬೇಕು. ನಿಮ್ಮ ಫಾಂಟಿನ ಹೆಸರು ಬೇಡವೆಂದರೆ ಬೇರೆ ಇಡುತ್ತೇನೆ.
>
> ನಿಮ್ಮ ದೇವನಾಗರಿ, ಲ್ಯಾಟಿನ್ ಅಕ್ಷರಗಳನ್ನಾಗಲೀ ಮೂಲ ಫೈಲಿನ ಎತ್ತರದ ಅಳತೆಗಳನ್ನಾಗಲೀ ಮುಟ್ಟುವುದಿಲ್ಲ. ಬೇರೆ ಯಾವ ಕನ್ನಡ ಫಾಂಟಿನಿಂದಲೂ ಅಕ್ಷರ ತೆಗೆದುಕೊಳ್ಳುವುದಿಲ್ಲ. ಎಲ್ಲವನ್ನೂ ಹೊಸದಾಗಿ ಬರೆಯುತ್ತೇನೆ. ಕನ್ನಡದ ತೊಂದರೆಗಳಿಗೆ ಸಂಪರ್ಕಿಸಲು ಫೈಲಿನೊಳಗೆ ನನ್ನ ವಿಳಾಸ ಇರುತ್ತದೆ, ನಿಮ್ಮದಲ್ಲ.
>
> ಫಾಂಟನ್ನು ಮಾರುವುದಿಲ್ಲ. ಸದ್ಯಕ್ಕೆ ನಮ್ಮ ಸಂಘದ ಮುದ್ರಣಕ್ಕೆ ಮಾತ್ರ. ಬೇರೆ ಸಂಘಗಳು ಕೇಳಿದರೆ ಕೊಡಬಹುದೇ ಎಂಬುದು ನಿಮ್ಮ ಇಷ್ಟ. ಇದು ಬಿಡುವಿನ ಕೆಲಸವಾದ್ದರಿಂದ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಆದ್ದರಿಂದ ಅನುಮತಿಗೆ ಅವಧಿಯ ಮಿತಿ ಇಲ್ಲ, ಎಲ್ಲ ದೇಶಗಳಿಗೂ ಅನ್ವಯಿಸುತ್ತದೆ, ಒಂದು ವರ್ಷದೊಳಗೆ ಬಳಸದಿದ್ದರೂ ರದ್ದಾಗುವುದಿಲ್ಲ ಎಂದು ನಿಮ್ಮ ಉತ್ತರದಲ್ಲಿ ಸೇರಿಸಿದರೆ ಉಪಕಾರ.
>
> ಫಾಂಟಿನ ಹಕ್ಕು ನಿಮ್ಮದೇ ಎಂದುಕೊಂಡಿದ್ದೇನೆ. ಬೇರೆಯವರದಾದರೆ ಯಾರನ್ನು ಕೇಳಬೇಕು ತಿಳಿಸಿ. ನೀವೇ ಕನ್ನಡ ಮಾಡುವ ಯೋಚನೆಯಲ್ಲಿದ್ದರೆ ನಾನು ನಿಲ್ಲಿಸುತ್ತೇನೆ. ಅಕ್ಷರ ಪರಿಶೀಲನೆಗೆ ಬೇಕಾದರೆ ಕೈಜೋಡಿಸುತ್ತೇನೆ.
>
> ಒಂದು ಪುಟದ ಮಾದರಿ ಜೊತೆಗಿದೆ.

ಇಷ್ಟೇ. ಫಾಂಟ್ ಎಷ್ಟು ಚೆನ್ನಾಗಿದೆ ಎಂಬ ಹೊಗಳಿಕೆಗೆ ಜಾಗ ಇಲ್ಲ. ರಸೀದಿ ಜೊತೆಗಿದ್ದರೆ ಹೊಗಳಿದಷ್ಟೇ ಆಯಿತು.

ಅವಧಿಯ ಮಾತು ಯಾಕೆ ಬಂತು ಅಂತ ಕೇಳಬಹುದು. ಇದು ವಕೀಲರ ಚಟ ಅನ್ನಿಸೀತು, ಆದರೆ ಹವ್ಯಾಸಿಗಳಿಗೇ ಇದು ಹೆಚ್ಚು ಮುಖ್ಯ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 30ನೇ ಕಲಂ ಪ್ರಕಾರ ಇಂಥ ಅನುಮತಿ ಬರವಣಿಗೆಯಲ್ಲಿ ಇರಬೇಕು. ಹಕ್ಕು ವರ್ಗಾವಣೆಗೆ ಇರುವ 19ನೇ ಕಲಮಿನ ನಿಯಮಗಳು 30ಎ ಕಲಂ ಮೂಲಕ ಲೈಸೆನ್ಸಿಗೂ ಅನ್ವಯಿಸುತ್ತವೆ. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿರದ ಪಕ್ಷದಲ್ಲಿ ಅದು ಬಿದ್ದುಹೋಗುತ್ತದೆ.

ಈಗ ಕನ್ನಡ ಫಾಂಟಿನ ಕೆಲಸ ಲೆಕ್ಕ ಹಾಕಿ. ವ್ಯಂಜನಗಳೇ 34. ಪ್ರತಿಯೊಂದಕ್ಕೂ ಒತ್ತಿನ ರೂಪ. ಕಿ, ಗಿ, ಚಿ, ತಿ ಥರದ ಇಕಾರದಲ್ಲಿ ಅಕ್ಷರದ ಮೇಲ್ಭಾಗವೇ ಬದಲಾಗುವುದರಿಂದ ಅವಕ್ಕೆಲ್ಲ ಬೇರೆ ಚಿತ್ರ. ಸ್ವರ, ಸ್ವರ ಚಿಹ್ನೆ, ಕನ್ನಡ ಅಂಕಿ ಎಲ್ಲ ಸೇರಿ ಕೆಲವು ನೂರು ಚಿತ್ರಗಳು. ಆಮೇಲೆ ಒತ್ತುಗಳು ತಮ್ಮ ಜಾಗದಲ್ಲಿ ಕೂರುವ ಹಾಗೆ ನಿಯಮ ಬರೆಯಬೇಕು. ಶನಿವಾರ ಭಾನುವಾರದ ಕೆಲಸದಲ್ಲಿ ಇದು ಒಂದು ವರ್ಷದಲ್ಲಿ ಮುಗಿಯುವ ಮಾತಲ್ಲ. "ಹೂಂ, ಮಾಡಿ" ಅಂತ ಬಂದ ಒಂದು ಸಾಲಿನ ಉತ್ತರ, ಫಾಂಟ್ ಸಿದ್ಧವಾಗುವ ಹೊತ್ತಿಗೆ ಕೈಯಲ್ಲಿ ಉಳಿದಿರುವುದೇ ಅನುಮಾನ.

ಬೇರೆ ಫಾಂಟಿನಿಂದ ಅಕ್ಷರ ತೆಗೆಯುವುದಿಲ್ಲ ಅನ್ನುವ ಸಾಲೂ ಸುಮ್ನೆ ಬಂದದ್ದಲ್ಲ. ನೋಟೋ ಸ್ಯಾನ್ಸ್ ಕನ್ನಡದ ಅಕ್ಷರಗಳನ್ನು ತಂದು ಸ್ವಲ್ಪ ದಪ್ಪ ಮಾಡಿ ಅಂಟಿಸುವುದು ಸುಲಭ. ಆದರೆ ನೋಟೋ ಓಪನ್ ಫಾಂಟ್ ಲೈಸೆನ್ಸಿನದು. ಅದರ ಅಕ್ಷರ ಸೇರಿದ ಫೈಲ್ ಪೂರ್ತಿ ಅದೇ ಲೈಸೆನ್ಸಿಗೆ ಬರಬೇಕಾಗುತ್ತದೆ. ಅದೇ ಫೈಲಿನಲ್ಲಿ ಡಿಸೈನರ್ ಅವರ ಅಂಕಿ, ಚಿಹ್ನೆ ಇದ್ದರೆ, ಮಾರಾಟಕ್ಕಿಟ್ಟ ಫಾಂಟಿನ ಒಂದು ಭಾಗವನ್ನು ಅವರು ಪುಕ್ಕಟೆ ಬಿಟ್ಟುಕೊಟ್ಟಂತೆ. ಅನುಭವ ಇರುವ ಡಿಸೈನರ್ ಮೊದಲು ಕೇಳುವ ಪ್ರಶ್ನೆಯೇ ಇದು. ಅವರು ಕೇಳುವ ಮೊದಲೇ ಉತ್ತರ ಇದ್ದರೆ ಒಳ್ಳೆಯದು.

ಉತ್ತರ ಬಂದಾಗ, ಬಾರದಿದ್ದಾಗ

ಮೂರು ನಾಲ್ಕು ವಾರ ಕಾಯಿರಿ. ಆಮೇಲೆ ಒಂದು ನೆನಪೋಲೆ. ಅದಕ್ಕೂ ಉತ್ತರ ಇಲ್ಲದಿದ್ದರೆ ಆ ಫಾಂಟನ್ನು ಬಿಟ್ಟುಬಿಡಿ. ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತ ಅಲ್ಲ. ನೀವು ಬರೆದ ಕನ್ನಡ ಅಕ್ಷರಗಳು ನಿಮ್ಮವೇ. ಅಂಕಿ, ಚಿಹ್ನೆಗಳನ್ನೂ ನೀವೇ ಬರೆದು, ಅವರ ಫಾಂಟಿನ ಹೆಸರು ಎಲ್ಲೂ ಬಾರದ ಹಾಗೆ, ಬೇರೆ ಹೆಸರಿನ ಸ್ವತಂತ್ರ ಫಾಂಟ್ ಮಾಡಿಕೊಳ್ಳಬಹುದು.

ವಾಟ್ಸಾಪಿನಲ್ಲಿ ಒಂದು ಹೆಬ್ಬೆಟ್ಟಿನ ಚಿತ್ರ ಬಂದರೆ ಅದನ್ನೇ ಅನುಮತಿ ಅಂದುಕೊಳ್ಳಬೇಡಿ. "ಧನ್ಯವಾದ ಮೇಡಂ, ನಾನು ಅರ್ಥ ಮಾಡಿಕೊಂಡದ್ದು ಹೀಗೆ" ಅಂತ ಒಪ್ಪಿದ ಅಂಶಗಳನ್ನು ಇಮೇಲಿನಲ್ಲಿ ಬರೆದು, ಸರಿ ಅಂತ ಒಂದು ಉತ್ತರ ಹಾಕಲು ಕೇಳಿ.

ಡೊಂಬಿವಲಿಯ ಗೆಳೆಯರಿಗೆ ಬಂದ ಉತ್ತರ ಷರತ್ತಿನ ಒಪ್ಪಿಗೆ. ಅಂಕಿ, ಚಿಹ್ನೆ ಬಳಸಿ, ಆದರೆ ನನ್ನ ಫಾಂಟಿನ ಹೆಸರು ಬೇಡ. ಸಂಘದ ಆಚೆ ಕೊಡುವ ಮೊದಲು ನನಗೆ ತೋರಿಸಿ. ಜೊತೆಗೆ ಮಾದರಿಯ ಮೇಲೇ ಕೆಂಪು ಗೆರೆ ಎಳೆದು, "ಕಾರ್ಯಕ್ರಮ"ದ ಅರ್ಕಾವತ್ತು ಪಕ್ಕದ ಅಕ್ಷರಕ್ಕಿಂತ ತೆಳ್ಳಗಾಗಿದೆ ಅಂತ ತೋರಿಸಿದ್ದರು. ಕನ್ನಡ ಓದಲು ಬಾರದವರು ಹಿಡಿದ ತಪ್ಪು! ಅರ್ಕಾವತ್ತು, ಒತ್ತುಗಳನ್ನು ದೊಡ್ಡ ಅಕ್ಷರವನ್ನೇ ಕುಗ್ಗಿಸಿ ಮಾಡಿದರೆ ಗೆರೆಯೂ ಕುಗ್ಗುತ್ತದೆ. ಕುಗ್ಗಿಸಿದ ಮೇಲೆ ಗೆರೆಯ ದಪ್ಪವನ್ನು ಮತ್ತೆ ತಿದ್ದಬೇಕು. ಬೋಲ್ಡ್‌ನಲ್ಲಿ ಇದು ಎದ್ದು ಕಾಣುತ್ತದೆ.

ಒಪ್ಪಿಗೆ ಸಿಕ್ಕ ಮೇಲೆ ಅದನ್ನು ಫೈಲಿನೊಳಗೂ ಬರೆಯಿರಿ. ಹಕ್ಕಿನ ಜಾಗದಲ್ಲಿ ಎರಡು ಸಾಲು ಸಾಕು:

```
Kannada glyphs: Copyright (c) <year> <your name>
Figures and punctuation: (c) <designer>, used by written permission dated <date>
```

ಲೈಸೆನ್ಸ್ ಜಾಗದಲ್ಲಿ ಅವರು ಹಾಕಿದ ಷರತ್ತು, ಅವರದೇ ಮಾತಿನಲ್ಲಿ. ನಾಳೆ ಸಂಘದ ಕಮಿಟಿ ಬದಲಾದರೂ, ಪ್ರೆಸ್ಸಿನವರು ಫೈಲನ್ನು ಇನ್ನೊಬ್ಬರಿಗೆ ದಾಟಿಸಿದರೂ, ತೆರೆದು ನೋಡಿದವರಿಗೆ ಏನು ಮಾಡಬಹುದು, ಏನು ಕೂಡದು ಅನ್ನುವುದು ಅಲ್ಲೇ ಸಿಗುತ್ತದೆ. ಇಮೇಲಿನ ಪಿಡಿಎಫ್ ಪ್ರತಿಯೊಂದನ್ನು ಫಾಂಟಿನ ಮೂಲ ಫೈಲುಗಳಿರುವ ಫೋಲ್ಡರಿನಲ್ಲೇ ಇಡಿ, ಇನ್‌ಬಾಕ್ಸಿನಲ್ಲಿ ಬಿಡಬೇಡಿ.